ತಪ್ಪು ಮುಖದಲ್ಲಿಲ್ಲ, ದೂರದಲ್ಲಿದೆ

ಪುಟ್ಟೀ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೋ ನೋಡಿದೆ. ಅದರ ಕೆಳಗೆ ನೀನು ಬರೆದ ಸಾಲನ್ನೂ ಓದಿದೆ. ‘ಮಾವ, ನನ್ನ ಮುಖ ಫೋಟೋಗೆ ಒಗ್ಗೋದೇ ಇಲ್ಲ. ಲಿಂಕ್ಡ್‌ಇನ್‌ಗೆ ಇದು ಆಗುತ್ತಾ, ನೋಡಿ ಹೇಳಿ’ ಅಂದಿದ್ದೀಯ. ಫೋಟೋಗಿಂತ ಆ ಸಾಲೇ ನನ್ನ ಮನಸ್ಸಿಗೆ ನಾಟಿತು. ಸ್ಟುಡಿಯೊ ನಡೆಸಿದ 30 ವರ್ಷಗಳಲ್ಲಿ ಈ ಮಾತನ್ನು ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಅವರ ಹಳೆಯ ಫೋಟೋ ತರಿಸಿಕೊಂಡು, ಕ್ಯಾಮೆರಾ ಎಲ್ಲಿತ್ತು, ಬೆಳಕು ಎಲ್ಲಿಂದ ಬಿತ್ತು ಎಂದು ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬಿಡುತ್ತಿತ್ತು. ನಿನ್ನದೂ ಹಾಗೆಯೇ. ಈ ಫೋಟೋ ಹಾಕಬೇಡ. ಆದರೆ ಅದಕ್ಕೆ ಕಾರಣ ನಿನ್ನ ಮುಖವಲ್ಲ.

ಮೊದಲು ಈ ಫೋಟೋದ ಕೆಲಸ ಏನು ಅಂತ ತಿಳಿದುಕೋ. ಕಂಪನಿಯಲ್ಲಿ ಕೂತು ಅಭ್ಯರ್ಥಿಗಳ ಪಟ್ಟಿ ನೋಡುವವರಿಗೆ ನೀನು ಕಾಣುವುದು ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಗುಂಡು ಚಿತ್ರವಾಗಿ. ಅಷ್ಟರಲ್ಲೇ ಮುಖ ಸ್ಪಷ್ಟವಾಗಿ ಕಾಣಬೇಕು. ಸಂದರ್ಶನದ ದಿನ ಬಾಗಿಲು ತೆರೆದು ಒಳಗೆ ಬಂದಾಗ ‘ಇವಳೇ ಅವಳು’ ಅಂತ ಅವರಿಗೆ ಗುರುತು ಸಿಗಬೇಕು. ಈ ಎರಡು ಆದರೆ ಸಾಕು. ಚೆಂದದ ಮಾತು ಆಮೇಲಿನದು.

ಈಗ ನಿನ್ನ ಫೋಟೋಗೆ ಬರೋಣ. ಇದು ನೀನೇ ಕೈಚಾಚಿ ತೆಗೆದ ಸೆಲ್ಫಿ. ನಿನ್ನ ಕೈಯಳತೆಗೆ ಫೋನು ಮೂಗಿನ ತುದಿಯಿಂದ ಸುಮಾರು 18 ಇಂಚು ದೂರದಲ್ಲಿತ್ತು ಅಂದುಕೋ. ಕಿವಿ ಇರುವುದು ಮೂಗಿನ ತುದಿಗಿಂತ ಐದು ಇಂಚು ಹಿಂದೆ. ಅಂದರೆ ಫೋನಿಗೆ ಮೂಗು 18 ಇಂಚಿನಲ್ಲಿ, ಕಿವಿ 23 ಇಂಚಿನಲ್ಲಿ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುವುದು ಎಲ್ಲ ಕ್ಯಾಮೆರಾಗಳ ಗುಣ. ಹಾಗಾಗಿ ನಿನ್ನ ಮೂಗು, ಕಿವಿಯ ಹೋಲಿಕೆಯಲ್ಲಿ ಇರಬೇಕಾದ್ದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಹಿಗ್ಗಿದೆ. ಕೆನ್ನೆಗಳು ಹಿಂದಕ್ಕೆ ಸರಿದಂತಿವೆ, ಹಣೆ ಉಬ್ಬಿದೆ. ಅದೇ ಫೋನನ್ನು ಐದಡಿ ದೂರದಲ್ಲಿ ಹಿಡಿದರೆ ಮೂಗಿಗೆ 60 ಇಂಚು, ಕಿವಿಗೆ 65 ಇಂಚು. ಆಗ ವ್ಯತ್ಯಾಸ ನೂರಕ್ಕೆ ಎಂಟರಷ್ಟು ಮಾತ್ರ. ಎದುರು ನಿಂತು ಮಾತಾಡುವವರಿಗೆ ನೀನು ಕಾಣುವುದೂ ಹೆಚ್ಚುಕಡಿಮೆ ಅಷ್ಟೇ ದೂರದಿಂದ. 2018ರಲ್ಲಿ ಅಮೆರಿಕದ ವೈದ್ಯರು ಇದನ್ನೇ ಲೆಕ್ಕ ಹಾಕಿ ಪ್ರಕಟಿಸಿದ್ದರು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು, ಐದಡಿಯಿಂದ ತೆಗೆದದ್ದಕ್ಕಿಂತ ಸುಮಾರು ಶೇಕಡ 30ರಷ್ಟು ಅಗಲವಾಗಿ ಕಾಣುತ್ತದೆ ಅಂತ. ಸೆಲ್ಫಿ ನೋಡಿ ‘ನನ್ನ ಮೂಗು ಸರಿಮಾಡಿ’ ಅಂತ ಕೇಳಿಕೊಂಡು ಬರುವವರಿಗೆ ವಿವರಿಸಲಿಕ್ಕೆಂದೇ ಅವರು ಆ ಲೆಕ್ಕ ಹಾಕಿದ್ದು. ನಿನಗೆ ನಾನು ಹೇಳುವುದೂ ಅದನ್ನೇ.

ಆ ಕೈಯಳತೆಯ ದೂರ ಇನ್ನೂ ಒಂದು ಕೆಲಸ ಕೆಡಿಸಿದೆ. ಮುಖಭಾವ ನೋಡು. ತುಟಿ ನಗುತ್ತಿದೆ, ಕಣ್ಣು ನಗುತ್ತಿಲ್ಲ. ಒಂದು ಕೈ ಫೋನು ಹಿಡಿದಿದೆ, ಹೆಬ್ಬೆರಳು ಗುಂಡಿ ಹುಡುಕುತ್ತಿದೆ, ನೀನು ಪರದೆಯಲ್ಲಿ ನಿನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೀಯ. ಅದಕ್ಕೇ ದೃಷ್ಟಿ ಲೆನ್ಸಿಗಿಂತ ಕೊಂಚ ಕೆಳಗೆ ಬಿದ್ದಿದೆ. ನೋಡುವವರಿಗೆ ನೀನು ಅವರನ್ನು ನೋಡುತ್ತಿಲ್ಲ ಅನ್ನಿಸುತ್ತದೆ. ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲೇ ಬರೆದಿಟ್ಟಿದ್ದಾನೆ, ನಿಜವಾದ ನಗುವಿನಲ್ಲಿ ತುಟಿಯ ಸ್ನಾಯುವಿನ ಜೊತೆಗೆ ಕಣ್ಣಿನ ಸುತ್ತಲ ಸ್ನಾಯುವೂ ಎಳೆದುಕೊಳ್ಳುತ್ತದೆ ಅಂತ. ಗುರುತು ಹಿಡಿಯುವುದು ಸುಲಭ. ಫೋಟೋದ ಮೂಗಿನಿಂದ ಕೆಳಗಿನ ಭಾಗವನ್ನು ಅಂಗೈಯಿಂದ ಮುಚ್ಚಿ ಕಣ್ಣಷ್ಟನ್ನೇ ನೋಡು. ಕೆಳರೆಪ್ಪೆ ಒಂದಿಷ್ಟು ಮೇಲೆ ಬಂದಿದ್ದರೆ ಆ ನಗು ಸಾಚಾ. ಇದರಲ್ಲಿ ಬಂದಿಲ್ಲ.

ಹಾಗಾಗಿ ಫೋನನ್ನು ನಿನ್ನ ತಮ್ಮನ ಕೈಗೆ ಕೊಡು. ಅವನು ಐದಾರು ಅಡಿ ದೂರ ನಿಲ್ಲಲಿ, ಲೆನ್ಸು ನಿನ್ನ ಕಣ್ಣಿನ ಮಟ್ಟಕ್ಕೇ ಇರಲಿ. ಅವನು ಎತ್ತರದ ಹುಡುಗ, ಮೊಣಕಾಲು ಬಗ್ಗಿಸಲಿ. ಮೇಲಿನಿಂದ ತೆಗೆದರೆ ನೀನು ಶಾಲೆಯ ಮಗುವಿನ ಹಾಗೆ ಕಾಣುತ್ತೀಯ, ಕೆಳಗಿನಿಂದ ತೆಗೆದರೆ ಗದ್ದದ ಅಡಿ ಮತ್ತು ಮೂಗಿನ ಹೊಳ್ಳೆ ಮುಂದಾಗುತ್ತವೆ. ಹಿಂದಿನ ಕ್ಯಾಮೆರಾದಲ್ಲಿ 2ಎಕ್ಸ್ ಒತ್ತಲಿ. ಆ ಗುಂಡಿ ಇಲ್ಲದ ಫೋನಾದರೂ ಹತ್ತಿರ ಬರುವುದು ಬೇಡ, ದೂರದಿಂದಲೇ ತೆಗೆದು ಆಮೇಲೆ ಕತ್ತರಿಸಿಕೊಂಡರಾಯಿತು. ಲಿಂಕ್ಡ್‌ಇನ್ ಕೇಳುವುದು 400 ಪಿಕ್ಸೆಲ್ ಅಗಲ, 400 ಪಿಕ್ಸೆಲ್ ಎತ್ತರ. ಈಗಿನ ಫೋನಿನ ಚಿತ್ರದಲ್ಲಿ ಕತ್ತರಿಸಿದ ಮೇಲೂ ಅದಕ್ಕಿಂತ ಹೆಚ್ಚೇ ಉಳಿಯುತ್ತದೆ.

ನೀನು ಕಣ್ಣು ಮುಚ್ಚು, ಉಸಿರು ಪೂರ್ತಿ ಬಿಡು, ಕಣ್ಣು ತೆರೆದ ಕೂಡಲೇ ಅವನು ಒತ್ತಲಿ. ನಿಮ್ಮಮ್ಮ ಅವನ ಹಿಂದೆ ನಿಂತು ನಿನ್ನನ್ನು ಮಾತಾಡಿಸುತ್ತಿರಲಿ. ಉತ್ತರ ಹೇಳಿ ಮುಗಿಸಿದ ಆ ಗಳಿಗೆಯಲ್ಲಿ ಮುಖ ತಾನಾಗಿ ತೆರೆದುಕೊಳ್ಳುತ್ತದೆ. ನಾನು ಸ್ಟುಡಿಯೊದಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ‘ರೆಡಿ’ ಅಂತ ಹೇಳಿ ತೆಗೆದದ್ದಕ್ಕಿಂತ, ಊರು ಯಾವುದು ಅಂತ ಕೇಳಿ ಅವರು ಹೇಳಿದ ಮೇಲೆ ತೆಗೆದದ್ದು ಚೆನ್ನಾಗಿ ಬರುತ್ತಿತ್ತು. ನಲವತ್ತು ಫೋಟೋ ತೆಗೆಯಲಿ, ಫಿಲಮಿನ ಖರ್ಚೇನೂ ಇಲ್ಲ.

ಚೌಕಟ್ಟಿನ ಮಾತಿಗೆ ಬಂದರೆ, ನಿನ್ನ ತಲೆ ಚಿತ್ರದ ಮೇಲಂಚಿಗೆ ತಗುಲಿದೆ. ಚೌಕವನ್ನು ಗುಂಡಗೆ ಕತ್ತರಿಸಿದಾಗ ನಾಲ್ಕು ಮೂಲೆಗಳು ಸೇರಿ ಐದನೇ ಒಂದು ಭಾಗಕ್ಕಿಂತ ಹೆಚ್ಚೇ ಹೋಗಿಬಿಡುತ್ತದೆ. ಜೊತೆಗೆ ನೀನು ಒಂದು ಬದಿಗೆ ವಾಲಿದ್ದೀಯ. ಆ ಕಡೆಯ ಕೂದಲು, ಹೆಗಲು ಎರಡೂ ಹೋಗುತ್ತವೆ. ನೆತ್ತಿಯ ಮೇಲೆ ಎರಡು ಬೆರಳಿನಷ್ಟು ಜಾಗ ಬಿಡು, ಕೆಳಗೆ ಎದೆಯ ಮೇಲ್ಭಾಗದವರೆಗೆ ಇರಲಿ, ಎರಡೂ ಹೆಗಲು ಕಾಣಲಿ. ಕಣ್ಣುಗಳು ಚಿತ್ರದ ನಡುಮಟ್ಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ದೇಹವನ್ನು ಒಂಚೂರು ಪಕ್ಕಕ್ಕೆ ತಿರುಗಿಸಿ ಮುಖ ಮಾತ್ರ ಲೆನ್ಸಿನ ಕಡೆ ತಂದರೆ, ಹಾಲ್ ಟಿಕೆಟ್ಟಿನ ಫೋಟೋದ ಬಿಗಿತ ಹೋಗುತ್ತದೆ. ಕತ್ತರಿಸಿದ ಮೇಲೆ ಚಿತ್ರವನ್ನು ಉಗುರಿನಷ್ಟು ಸಣ್ಣದು ಮಾಡಿ, ಕೈಚಾಚಿ ಹಿಡಿದು ನೋಡು. ಆಗಲೂ ಕಣ್ಣು, ಬಾಯಿ ತಿಳಿದರೆ ಅದು ಪಾಸು.

ಹಿನ್ನೆಲೆಯಲ್ಲಿ ನಿಮ್ಮ ಹಾಲಿನ ತಿಳಿಹಸಿರು ಗೋಡೆ, ಕ್ಯಾಲೆಂಡರಿನ ಅರ್ಧ ಭಾಗ, ಸ್ವಿಚ್‌ಬೋರ್ಡು ಇವೆ. ಕ್ಯಾಲೆಂಡರ್ ತೆಗೆದುಬಿಡಬಹುದು, ಆದರೆ ಗೋಡೆಯ ತೊಂದರೆ ಬೇರೆ. ನಿನ್ನ ದವಡೆ, ಕತ್ತಿನ ಬದಿಯನ್ನು ನೋಡು, ಹಸಿರು ಛಾಯೆ ಇದೆ. ಹತ್ತಿರದ ಬಣ್ಣದ ಗೋಡೆಗೆ ಬಡಿದು ಬರುವ ಬೆಳಕು ಚರ್ಮಕ್ಕೆ ಆ ಬಣ್ಣವನ್ನು ಹಚ್ಚುತ್ತದೆ. ತಲೆಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಗುಳಿಯಲ್ಲಿ ನೆರಳು ಕೂರಿಸಿದೆ. ನೀನು ಗೋಡೆಗೆ ಅಂಟಿ ನಿಂತದ್ದರಿಂದ ಹಿಂದೆ ಇನ್ನೊಂದು ನೆರಳು ಬಿದ್ದಿದೆ. ಇದನ್ನೆಲ್ಲ ಮುಚ್ಚಲು ಬ್ಯೂಟಿ ಫಿಲ್ಟರ್ ಹಾಕಿದ್ದೀಯ. ಅದು ನಿನ್ನ ಬಣ್ಣವನ್ನೇ ಬದಲಿಸಿದೆ, ಗಲ್ಲದ ಮಚ್ಚೆಯನ್ನು ಅಳಿಸಿದೆ. ನಿನ್ನನ್ನು ಗುರುತಿಸಬೇಕಾದವರಿಗೆ ಬೇರೆ ಯಾರನ್ನೋ ತೋರಿಸಿದ ಹಾಗಾಯಿತು. ಅದನ್ನು ಆರಿಸಿಬಿಡು. ನಿನ್ನ ಬಣ್ಣ ತಿಳಿಯಾಗಬೇಕಾಗಿಲ್ಲ, ಅದರ ಮೇಲೆ ಒಳ್ಳೆಯ ಬೆಳಕು ಬೀಳಬೇಕು.

ಆ ಬೆಳಕು ನಿಮ್ಮ ಜಗುಲಿಯಲ್ಲಿದೆ. ಅಲ್ಲಿಯ ಗೋಡೆ ಕೆನೆಬಣ್ಣದ್ದು, ನಿನ್ನ ಕಪ್ಪು ಕೂದಲು ಅದರ ಮುಂದೆ ಬಿಡಿಯಾಗಿ ಕಾಣುತ್ತದೆ. ಮೇಲಿನ ಮಾಡು ನೆತ್ತಿಯ ಬೆಳಕನ್ನು ತಡೆಯುತ್ತದೆ, ಅಂಗಳದ ಕಡೆಯಿಂದ ಮೆತ್ತಗಿನ ಬೆಳಕು ಮುಖಕ್ಕೆ ಬರುತ್ತದೆ. ಬಿಸಿಲು ನೇರ ಬೀಳದ ಹೊತ್ತು ನೋಡಿ, ಗೋಡೆಯಿಂದ ನಾಲ್ಕಡಿ ಮುಂದೆ ಬಂದು ಅಂಗಳಕ್ಕೆ ಮುಖ ಮಾಡಿ ನಿಲ್ಲು. ನೆರಳು ಗೋಡೆಯ ಮೇಲೆ ಬೀಳುವುದಿಲ್ಲ. ಫೋನಿನ ಪೋರ್ಟ್ರೇಟ್ ಮೋಡ್ ಬೇಡ, ಅದು ಹಿನ್ನೆಲೆ ಮಸುಕು ಮಾಡುವಾಗ ಹಾರುವ ಕೂದಲನ್ನೂ ಕನ್ನಡಕದ ಅಂಚನ್ನೂ ಒಟ್ಟಿಗೆ ತಿಂದುಬಿಡುತ್ತದೆ. ಒತ್ತುವ ಮೊದಲು ತಮ್ಮ ಪರದೆಯಲ್ಲಿ ನಿನ್ನ ಮುಖದ ಮೇಲೊಮ್ಮೆ ಬೆರಳು ಮುಟ್ಟಿಸಲಿ, ಬೆಳಕಿನ ಲೆಕ್ಕವನ್ನು ಫೋನು ಮುಖಕ್ಕೆ ಹೊಂದಿಸಿಕೊಳ್ಳುತ್ತದೆ. ಕನ್ನಡಕದಲ್ಲಿ ಅಂಗಳ ಪ್ರತಿಫಲಿಸಿದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತು, ಗಾಜು ಕೆಳಗೆ ಬಾಗಿ ಹೊಳಪು ಹೋಗುತ್ತದೆ.

ಬಟ್ಟೆಯ ಬಗ್ಗೆ ಹೇಳುವುದು ಸ್ವಲ್ಪವೇ. ಆ ಸಣ್ಣ ಚೌಕುಳಿಯ ಕುರ್ತಾ ಎದುರಿಗೆ ಚೆನ್ನಾಗಿದ್ದರೂ, ಚಿತ್ರ ಸಣ್ಣದಾದಾಗ ಚೌಕುಳಿಗಳು ಒಂದಕ್ಕೊಂದು ಸೇರಿ ನೀರಿನ ಅಲೆಯ ಹಾಗೆ ಕಾಣುತ್ತವೆ. ನಿನ್ನ ಕಡುನೀಲಿ ಹತ್ತಿ ಕುರ್ತಾ ಇದೆಯಲ್ಲ, ಅದಕ್ಕೆ ಇಸ್ತ್ರಿ ಹಾಕಿ ತೊಟ್ಟುಕೋ. ದುಪಟ್ಟಾ ಹಾಕಿದರೆ ಎರಡೂ ಕಡೆ ಪಿನ್ ಮಾಡು, ಅರ್ಧ ಜಾರಿದ ದುಪಟ್ಟಾ ಕಣ್ಣನ್ನು ಅತ್ತಲೇ ಎಳೆಯುತ್ತದೆ. ಗೆಳತಿಯ ಬ್ಲೇಜರ್ ತರುತ್ತೇನೆ ಅಂದಿದ್ದೆ, ಬೇಡ. ಅಳತೆಯದಲ್ಲದ ಬ್ಲೇಜರಿನ ಹೊಲಿಗೆ ಹೆಗಲಿನಿಂದ ಕೆಳಗಿಳಿಯುತ್ತದೆ, ಎರವಲು ಅಂತ ಅದೇ ಹೇಳಿಬಿಡುತ್ತದೆ. ಅಕೌಂಟ್ಸ್ ಕೆಲಸಕ್ಕೆ ಕುರ್ತಾ ತಕ್ಕ ಉಡುಪೇ. ಬೊಟ್ಟು, ಮೂಗುಬೊಟ್ಟು ದಿನವೂ ಹೇಗೋ ಹಾಗೆಯೇ ಇರಲಿ.

ಮೂಗುಬೊಟ್ಟು ಅಂದಾಗ ನೆನಪಾಯಿತು. ನಿನ್ನದು ಬಲಕ್ಕಿದೆ, ಈ ಫೋಟೋದಲ್ಲಿ ಎಡಕ್ಕೆ ಬಂದಿದೆ. ನಿನ್ನ ಫೋನಿನ ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ತಿರುಗಿಸಿ ಉಳಿಸಿದೆ. ನಾವು ಹುಟ್ಟಿದಾಗಿನಿಂದ ನಮ್ಮ ಮುಖವನ್ನು ಕನ್ನಡಿಯಲ್ಲೇ ನೋಡಿದವರು, ಅದಕ್ಕೇ ನೇರವಾದ ಫೋಟೋ ನಮಗೇ ಪರಕೀಯ ಅನ್ನಿಸುತ್ತದೆ. ‘ಫೋಟೋಗೆ ಒಗ್ಗೋದಿಲ್ಲ’ ಅನ್ನುವ ಕೊರಗಿನ ಅರ್ಧ ಭಾಗ ಇದೇ. ಉಳಿದವರೆಲ್ಲ ನೋಡುವುದು ಆ ನೇರ ಮುಖವನ್ನೇ. ಹಾಗಾಗಿ ಆ ನಲವತ್ತರಲ್ಲಿ ಒಂದನ್ನು ಆರಿಸುವ ಕೆಲಸ ನಿನ್ನದಲ್ಲ. ಆಸ್ಟ್ರೇಲಿಯಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜನ ತಾವೇ ಆರಿಸಿಕೊಂಡ ತಮ್ಮ ಫೋಟೋಗಳಿಗಿಂತ ಗುರುತಿಲ್ಲದವರು ಆರಿಸಿಕೊಟ್ಟ ಫೋಟೋಗಳೇ ನೋಡುವವರಿಗೆ ಹೆಚ್ಚು ಹಿಡಿಸಿದ್ದವು. ನಿನ್ನನ್ನು ಅಷ್ಟಾಗಿ ಅರಿಯದ ಇಬ್ಬರು ಮೂವರಿಗೆ ತೋರಿಸಿ ಕೇಳು.

ಇನ್ನೊಂದು ಮಾತು. ಬಯೋಡೇಟಾಕ್ಕೆ ಈ ಫೋಟೋ ಅಂಟಿಸಬೇಡ, ಕೇಳಿದರೆ ಮಾತ್ರ ಕೊಡು. ಸರ್ಕಾರಿ ಪರೀಕ್ಷೆಯ ಅರ್ಜಿಗೂ ಇದು ನಡೆಯುವುದಿಲ್ಲ, ಅಲ್ಲಿ ಅವರ ಅಧಿಸೂಚನೆಯಲ್ಲಿ ಹೇಳಿದ ಅಳತೆ, ಹಿನ್ನೆಲೆಯೇ ಆಗಬೇಕು.

ಭಾನುವಾರ ಬೆಳಿಗ್ಗೆ ಕಡುನೀಲಿ ಕುರ್ತಾ ತೊಟ್ಟು ಜಗುಲಿಗೆ ಬಾ, ತಮ್ಮನನ್ನು ಐದಡಿ ದೂರ ನಿಲ್ಲಿಸು. ತೆಗೆದದ್ದನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು, ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಗುಣ ಕೆಡಿಸುತ್ತದೆ. ಗಲ್ಲದ ಮೇಲಿನ ಆ ಮಚ್ಚೆ ಇರಲಿ, ನಮ್ಮ ಅಮ್ಮನಿಗೂ ಅಲ್ಲೇ ಇತ್ತು.