ಹದಿನೈದು ಗಮ್ಮಿಗಳ ಲೆಕ್ಕ

ಡಬ್ಬಿಯಲ್ಲಿದ್ದದ್ದು 60 ವಿಟಮಿನ್ ಗಮ್ಮಿ. ದಿನಕ್ಕೆ ಎರಡರಂತೆ ಒಂಬತ್ತು ದಿನ ಕೊಟ್ಟಿದ್ದೆ, ಹಾಗಾಗಿ 42 ಉಳಿದಿರಬೇಕಿತ್ತು. ತ್ಯಾಗರಾಜನಗರದ ನಮ್ಮ ಮನೆಯ ಅಡುಗೆಮನೆ ಕಟ್ಟೆಯ ಮೇಲೆ ಸುರಿದು ಎಣಿಸಿದಾಗ ಸಿಕ್ಕಿದ್ದು 27. ಕಟ್ಟೆಯ ಪಕ್ಕದಲ್ಲೇ ಪ್ಲಾಸ್ಟಿಕ್ ಸ್ಟೂಲ್ ಇತ್ತು. ನಾಲ್ಕೂವರೆ ವರ್ಷದ ಮಗಳ ಬಾಯಿಂದ ಸ್ಟ್ರಾಬೆರಿ ವಾಸನೆ ಬರುತ್ತಿತ್ತು. "ಚಾಕಿ ತಿಂದೆ ಅಮ್ಮ" ಎಂದಳು.

ಅದಕ್ಕೆ ಚಾಕಿ ಎಂದು ಹೆಸರಿಟ್ಟವರು ನಾವೇ. ಸೊಪ್ಪು, ತರಕಾರಿ ಮುಟ್ಟದ ಮಗು ಎಂಬ ಚಿಂತೆಗೆ ಮೆಡಿಕಲ್ ಸ್ಟೋರಿನಿಂದ ಕೇಳಿ ತಂದಿದ್ದೆ. "ಊಟ ಮುಗಿಸಿದರೆ ಒಂದು ಚಾಕಿ" ಎಂದು ಅತ್ತೆ ಆಸೆ ತೋರಿಸುತ್ತಿದ್ದರು, ನಾನೂ ಹಾಗೇ ಹೇಳುತ್ತಿದ್ದೆ. ಬಹುಮಾನವಾಗಿ ಕೊಟ್ಟ ವಸ್ತುವನ್ನು ಮಗು ಔಷಧ ಎಂದು ಹೇಗೆ ತಿಳಿದೀತು?

ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ ವಿಟಮಿನ್ ಬಗ್ಗೆ ಅಲ್ಲ. "ಲೇಬಲ್ ಓದಿ, ಅದರಲ್ಲಿ ಐರನ್ ಇದೆಯಾ?" ಇರಲಿಲ್ಲ. ಕಬ್ಬಿಣದ ರುಚಿ ಒಗರು, ಹಾಗಾಗಿ ಎಷ್ಟೋ ಗಮ್ಮಿಗಳಲ್ಲಿ ಅದನ್ನು ಹಾಕುವುದಿಲ್ಲ. ಆಮೇಲೆ ವಿಟಮಿನ್ ಎ ಎಷ್ಟಿದೆ ಎಂದರು. ಎರಡು ಗಮ್ಮಿಗೆ 300 ಮೈಕ್ರೊಗ್ರಾಂ ಎಂದಿತ್ತು. ಹದಿನೈದಕ್ಕೆ 2,250. ಈ ವಯಸ್ಸಿನ ಮಗುವಿಗೆ ದಿನವೂ ಕೊಟ್ಟರೂ ತೊಂದರೆಯಾಗದ ಗರಿಷ್ಠ ಮಿತಿ 900. ನನ್ನ ಕೈ ನಡುಗಿತು. ಡಾಕ್ಟರ್ ಸಮಾಧಾನದಿಂದ ವಿವರಿಸಿದರು. ಒಂದು ದಿನ ಮಿತಿ ದಾಟಿದರೆ ಹೆಚ್ಚೆಂದರೆ ಹೊಟ್ಟೆ ತೊಳಸಬಹುದು, ಭೇದಿ ಆಗಬಹುದು. ಆದರೆ ಎ ಮತ್ತು ಡಿ ದೇಹದ ಕೊಬ್ಬಿನಲ್ಲಿ, ಯಕೃತ್ತಿನಲ್ಲಿ ಉಳಿದುಕೊಳ್ಳುತ್ತವೆ. ಮಗು ಕದ್ದು ನಾಲ್ಕೈದು ಗಮ್ಮಿಯನ್ನು ತಿಂಗಳುಗಟ್ಟಲೆ ತಿಂದರೆ ಅದು ಬೇರೆಯೇ ಕಥೆ. ಬಿ ಮತ್ತು ಸಿ ಹೆಚ್ಚಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತದೆ. ಅಂದು ಸಂಜೆ ಮಗಳ ಮೂತ್ರ ಗಾಢ ಹಳದಿಯಾಗಿದ್ದದ್ದು ಬಿ2ರಿಂದ.

ಫೋನ್ ಇಡುವ ಮುನ್ನ ಅವರು ಇನ್ನೊಂದು ಕೇಳಿದರು: "ಗಮ್ಮಿ ಇಟ್ಟಿದ್ದ ಶೆಲ್ಫಿನಲ್ಲಿ ಬೇರೆ ಏನಿದೆ?" ನನ್ನ ಐರನ್ ಮಾತ್ರೆ ಇತ್ತು. ಕೆಂಪು ಬಣ್ಣದ್ದು, ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಮಗುವಿನ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಹೊಟ್ಟೆನೋವು ಶುರುವಾಗಬಹುದು. 60 ದಾಟಿದರೆ ಪ್ರಾಣಕ್ಕೇ ಅಪಾಯ. ನನ್ನ ಮಗಳು 15 ಕಿಲೋ. ಐದು ಮಾತ್ರೆಗೆ ಮೊದಲ ಗೆರೆ, ಹದಿನೈದಕ್ಕೆ ಎರಡನೆಯದು. ಅಂದು ಅವಳು ತಿಂದದ್ದು ಹದಿನೈದು ಗಮ್ಮಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಶೆಲ್ಫಿನಿಂದ ಬರುವುದೆಲ್ಲ ಸಿಹಿ ಎಂದು ಅವಳಿಗೆ ದಿನವೂ ಕಲಿಸಿದವಳು ನಾನು.

ಸಕ್ಕರೆಯ ಲೆಕ್ಕ ನೋಡಿದ್ದು ಮರುದಿನ. ನಮ್ಮಲ್ಲಿ ಲೇಬಲ್ಲಿನ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಆ ಡಬ್ಬಿಯ ಮೇಲೆ ಮೊದಲ ಹೆಸರು ಸಕ್ಕರೆ, ಎರಡನೆಯದು ಲಿಕ್ವಿಡ್ ಗ್ಲೂಕೋಸ್, ವಿಟಮಿನ್‌ಗಳು ಕೊನೆಗೆ. ಮೂರು ಗ್ರಾಂ ತೂಗುವ ಗಮ್ಮಿಯಲ್ಲಿ ಎರಡು ಗ್ರಾಂ ಸಕ್ಕರೆ! ದಿನದ ಎರಡಕ್ಕೆ ನಾಲ್ಕು ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಹದಿನೈದಕ್ಕೆ 30 ಗ್ರಾಂ. ಅಮೆರಿಕದ ಹೃದ್ರೋಗ ಸಂಘ 2016ರಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ಹೇಳಿದ ಇಡೀ ದಿನದ ಮಿತಿ 25 ಗ್ರಾಂ. ನಾನು ಗಮ್ಮಿ ಕೊಡುತ್ತಿದ್ದುದು ರಾತ್ರಿ, ಹಲ್ಲುಜ್ಜಿಸಿದ ಮೇಲೆ. ಅದು ಹಲ್ಲಿನ ಸಂದಿಗೆ ಅಂಟುತ್ತದೆ, ಹುಳಿಗಾಗಿ ಸಿಟ್ರಿಕ್ ಆಮ್ಲವೂ ಇರುತ್ತದೆ, ನಿದ್ದೆಯಲ್ಲಿ ಬಾಯಿಯ ಜೊಲ್ಲು ಕಡಿಮೆಯಾಗುತ್ತದೆ. ದವಡೆ ಹಲ್ಲಿಗೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ.

ಡಾಕ್ಟರ್ ಮಗಳನ್ನು ನೋಡಿ ಗಮ್ಮಿ ನಿಲ್ಲಿಸಿದರು. ವಿಟಮಿನ್ ಡಿ ಮಾತ್ರ ಕಡಿಮೆ ಇತ್ತು, ಅದಕ್ಕೆ ಅಳತೆ ಮಾಡಿ ಹಾಕುವ ಡ್ರಾಪ್ಸ್ ಬರೆದುಕೊಟ್ಟರು. ಅದನ್ನು ನಾವು ಈಗ "ಔಷಧ" ಎಂದೇ ಕರೆಯುತ್ತೇವೆ. ಗಾಂಧಿ ಬಜಾರಿನಿಂದ ತಂದ ನುಗ್ಗೆಸೊಪ್ಪನ್ನು ಅತ್ತೆ ಸಣ್ಣಗೆ ಹೆಚ್ಚಿ ರಾಗಿ ರೊಟ್ಟಿಗೆ ಸೇರಿಸುತ್ತಾರೆ; ಹತ್ತು ದಿನ ಮಗಳು ಹಟ ಮಾಡಿದಳು, ಆಮೇಲೆ ಅರ್ಧ ರೊಟ್ಟಿ ತಿನ್ನತೊಡಗಿದಳು. ನನ್ನ ಮಾತ್ರೆಗಳು ಬೀರುವಿನೊಳಗೆ, ಬೀಗದಲ್ಲಿವೆ.

ನಿಮ್ಮ ಮನೆಯಲ್ಲಿ ಗಮ್ಮಿ ಡಬ್ಬಿ ಇದ್ದರೆ ಇವತ್ತೇ ಎಣಿಸಿ. ಲೆಕ್ಕ ತಪ್ಪಿದ್ದರೆ ಮಗುವಿಗೆ ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿ ಕೈಯಲ್ಲಿ ಹಿಡಿದು, ಮಗುವಿನ ತೂಕ, ಕಾಣೆಯಾದ ಸಂಖ್ಯೆ, ಐರನ್ ಇದೆಯೋ ಇಲ್ಲವೋ ಎಂಬುದನ್ನು ಡಾಕ್ಟರಿಗೆ ಹೇಳಿ. ಡಾಕ್ಟರ್ ಸಿಗದಿದ್ದರೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.