ಹಸನನ ಹಸು ಮತ್ತು ಮೂವತ್ತೆರಡು ತಟ್ಟು

ಈ ಸಲದ ಅನುವಾದ ಪುಟಕ್ಕೆ ನಾವು ಆರಿಸಿಕೊಂಡಿದ್ದು ಇರಾನಿನ ಒಂದು ಮಕ್ಕಳ ಪದ್ಯ. ಅಲ್ಲಿ ಅದಕ್ಕೆ 'ಅತಲ್ ಮತಲ್' ಅಂತ ಹೆಸರು. ಬರೆದವರು ಯಾರು ಅಂತ ಇಲ್ಲ, ಬಾಯಿಂದ ಬಾಯಿಗೆ ಬಂದದ್ದು, ಹಾಗಾಗಿ ಮನೆಗೊಂದು ಪಾಠ. ನಾವು ಹೆಚ್ಚು ಕೇಳಿಬರುವ ಪಾಠವನ್ನು ಹಿಡಿದುಕೊಂಡಿದ್ದೇವೆ.

ಮೊದಲು ಗೊತ್ತಿರಬೇಕಾದದ್ದು, ಇದು ಸುಮ್ಮನೆ ಹೇಳೋ ಪದ್ಯ ಅಲ್ಲ, ಆಡೋ ಪದ್ಯ. ಮಕ್ಕಳು ಸಾಲಾಗಿ ಕಾಲು ಚಾಚಿ ಕೂರುತ್ತಾರೆ. ಒಬ್ಬರು ಪದ್ಯ ಹೇಳ್ತಾ ಒಂದೊಂದು ಕಾಲಿನ ಮೇಲೆ ತಟ್ಟುತ್ತಾ ಹೋಗುತ್ತಾರೆ. ಕೊನೆಯ ತಟ್ಟು ಯಾವ ಕಾಲಿನ ಮೇಲೆ ಬೀಳುತ್ತೋ ಆ ಕಾಲನ್ನು ಎಳೆದುಕೊಳ್ಳಬೇಕು. ನಮ್ಮಲ್ಲಿ 'ಅವಲಕ್ಕಿ ಪವಲಕ್ಕಿ' ಆಟದಲ್ಲಿ ಕೈ ಇಟ್ಟು ಆಡ್ತೀವಲ್ಲ, ಹೆಚ್ಚುಕಡಿಮೆ ಅದೇ.

ಕತೆ ಇಷ್ಟೇ. ಹಸನನ ಹಸು ಹೇಗಿದೆ ಅಂತ ಕೇಳ್ತಾರೆ. ಅದಕ್ಕೆ ಹಾಲೂ ಇಲ್ಲ ಕೆಚ್ಚಲೂ ಇಲ್ಲ, ಹಾಲನ್ನು ಹಿಂದುಸ್ತಾನಕ್ಕೆ ಒಯ್ದುಬಿಟ್ಟಿದ್ದಾರೆ. ಆಮೇಲೆ ಯಾವ ಸಂಬಂಧವೂ ಇಲ್ಲದೆ ಒಬ್ಬಳು ಕುರ್ದಿ ಹೆಣ್ಣು ಬರುತ್ತಾಳೆ, ಅವಳಿಗೊಂದು ಹೆಸರು, ಅವಳ ಟೋಪಿಯ ಸುತ್ತ ಕೆಂಪು. ಕೊನೆಗೆ ಕಾಲು ತೆಗಿ ಅನ್ನೋ ಆಜ್ಞೆ. ಹಸುವಿಂದ ಟೋಪಿಗೆ ಯಾಕೆ ಹೋದರು ಅಂತ ಕೇಳಬಾರದು. ಪ್ರಾಸ ಕರೆದಲ್ಲಿಗೆ ಕತೆ ಹೋಗಿದೆ. ಕೆಚ್ಚಲಿಗೆ ಅಲ್ಲಿರುವ ಪದ 'ಪೆಸ್ತುನ್', ಅದಕ್ಕೇ ಹಾಲು 'ಹೆಂದೆಸ್ತುನ್' ತನಕ ಪ್ರಯಾಣ ಮಾಡಬೇಕಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಬರಹದ ಪರ್ಷಿಯನ್‌ನಲ್ಲಿ ಇವು 'ಪೆಸ್ತಾನ್' ಮತ್ತು 'ಹೆಂದುಸ್ತಾನ್'. ಮಾತಿನಲ್ಲಿ ಕೊನೆಯ 'ಆನ್' ಎಂಬುದು 'ಉನ್' ಆಗುತ್ತದೆ. ಅಂದರೆ ಪದ್ಯ ಪೂರ್ತಿ ಆಡುಮಾತಿನಲ್ಲಿದೆ. ಕನ್ನಡದಲ್ಲೂ 'ಹೋಯಿತಲ್ಲ' ಬೇಡ, 'ಹೋಯ್ತಲ್ಲಾ' ಬೇಕು ಅಂತ ನಾವು ಅಲ್ಲೇ ತೀರ್ಮಾನ ಮಾಡಿದೆವು.

ಇನ್ನು ಲಯ. ಮೂಲದ ಸಾಲುಗಳಲ್ಲಿ ಏಳೆಂಟು ಉಚ್ಚಾರಾಂಶ, ಸಾಲಿಗೆ ನಾಲ್ಕು ತಟ್ಟು. ಕೊನೆಯ ಎರಡು ಸಾಲು ಮಾತ್ರ ಗಿಡ್ಡ, ತಲಾ ಎರಡೇ ತಟ್ಟು. ಕಾಲು ಎಳೆಯೋ ಹೊತ್ತು ಬಂತು ಅಂತ ಕಿವಿಗೆ ಗೊತ್ತಾಗೋದು ಅದರಿಂದಲೇ. ಕನ್ನಡದಲ್ಲಿ ನಾವು ಒಂದು ತಟ್ಟಿಗೆ ನಾಲ್ಕು ಮಾತ್ರೆ ಇಟ್ಟೆವು. ಪಿಯುಸಿಲಿ ಓದಿದ್ದು ಮರೆತಿದ್ದರೆ, ಲಘುವಿಗೆ ಒಂದು, ಗುರುವಿಗೆ ಎರಡು. ಸಾಲಿನ ಕೊನೆಯ ಅಕ್ಷರ ಒಂದೇ ಇದ್ದರೆ ಅದನ್ನು ಎಳೆದು ನಾಲ್ಕನೇ ತಟ್ಟು ತುಂಬಿಸಬೇಕು.

ನಮ್ಮ ಅನುವಾದ ಹೀಗಿದೆ:

ಅಟ್ಲಾ ಮಟ್ಲಾ ತುತ್ತೂರೀ
ಹಸನನ ಹಸುವಿಗೆ ಏನೈತ್ರೀ
ಹಾಲೂ ಇಲ್ಲಾ ಕೆಚ್ಚಲು ಇಲ್ಲಾ
ಹಿಂದುಸ್ತಾನಕೆ ಹೋಯ್ತಲ್ಲಾ
ಕುರ್ದೀ ಹೆಣ್ಣನು ತಂದ್ರಲ್ಲಾ
ಹೆಸರಿಡು ಅವಳಿಗೆ ಅಮ್ಕಂಜೀ
ಟೋಪಿಯ ಅಂಚೇ ಕಿರಮಂಜೀ
ಅಡ್ಚೂ ಪಡ್ಚೂ
ಒಂದ್‌ಕಾಲ್ ಮಡ್ಚೂ

ಮೊದಲ ಸಾಲಿನಲ್ಲಿ ಅರ್ಥ ಇಲ್ಲ, ಇರಲೂಬಾರದು. 'ಅತಲ' ಅಂತಲೇ ಉಳಿಸಿದರೆ ನಮ್ಮ ಅಜ್ಜಂದಿರಿಗೆ ಅತಲ, ವಿತಲ, ಸುತಲ ಅಂತ ಪಾತಾಳಲೋಕದ ಪಟ್ಟಿ ಕೇಳಿಸುತ್ತದೆ. 'ಅತ್ತಲ್' ಅಂದರೆ 'ಆ ಕಡೆ' ಅಂತ ಅರ್ಥ ಬಂದುಬಿಡುತ್ತದೆ. ಅದಕ್ಕೆ 'ಟ'ಕಾರ ತಂದು 'ಅಟ್ಲಾ' ಮಾಡಿದೆವು. ಎರಡನೇ ಪದದ 'ಮ'ಕಾರವನ್ನು ಮಾತ್ರ ಮುಟ್ಟಲಿಲ್ಲ. ನಾವು 'ಪುಸ್ತಕ ಗಿಸ್ತಕ' ಅನ್ನೋ ಹಾಗೆ ಪರ್ಷಿಯನ್ನರು 'ಕೆತಾಬ್ ಮೆತಾಬ್' ಅನ್ನುತ್ತಾರೆ. ನಮ್ಮ 'ಗಿ' ಮಾಡೋ ಕೆಲಸವನ್ನು ಅಲ್ಲಿ 'ಮ' ಮಾಡುತ್ತದೆ. ಹಾಗಂತ 'ಅಟ್ಲಾ ಗಿಟ್ಲಾ' ಅಂದರೆ ಯಾರನ್ನೋ ಅಣಕಿಸಿದ ಹಾಗೆ ಕೇಳುತ್ತದೆ. ನಮ್ಮ 'ಅವಲಕ್ಕಿ ಪವಲಕ್ಕಿ'ಯಲ್ಲೂ ಸ್ವರದಿಂದ ಶುರುವಾಗೋ ಪದದ ಹಿಂದೆ ತುಟಿ ಮುಚ್ಚಿ ಹೇಳೋ ಅಕ್ಷರವೇ ಬರುತ್ತದೆ. ಅಲ್ಲಿ 'ಪ', ಇಲ್ಲಿ 'ಮ'. ಕನ್ನಡದ ಕಿವಿಗೆ ಇದು ಹೊಸದೇನಲ್ಲ. ತುತ್ತೂರಿಗೆ ಅರ್ಥ ಇದೆ ನಿಜ, ಆದರೆ ಅದು ಬಾಯಲ್ಲಿ ಊದೋ ಸದ್ದಿನಂತೆಯೇ ಇರೋದರಿಂದ ಬಿಟ್ಟುಕೊಟ್ಟೆವು.

ಎರಡನೇ ಸಾಲಲ್ಲಿ ಕನ್ನಡಕ್ಕೆ ಪುಕ್ಕಟೆ ಲಾಭ. ಹಸನ, ಹಸು, ಎರಡೂ 'ಹಸ'. ಮೂಲದಲ್ಲಿ ಈ ಆಟ ಇಲ್ಲ, ಅಲ್ಲಿ ಹಸುವಿಗೆ 'ಗಾವ್'. ಮೂಲ ಕೇಳೋದು 'ಹೇಗಿದೆ' ಅಂತ, ನಾವು 'ಏನೈತ್ರೀ' ಅಂತ ಬದಲಾಯಿಸಿದ್ದೇವೆ. ಮುಂದಿನ ಸಾಲಿನ 'ಇಲ್ಲಾ ಇಲ್ಲಾ' ಈ ಪ್ರಶ್ನೆಗೆ ಚೆನ್ನಾಗಿ ಉತ್ತರ ಆಗುತ್ತೆ. ಹುಬ್ಬಳ್ಳಿ ಕಡೆಯ ಗೆಳೆಯರಿಗೂ ಇದರಿಂದ ಬಹಳ ಸಂತೋಷ ಆಗಿದೆ.

'ಹೋಯ್ತಲ್ಲಾ' ಬಗ್ಗೆ ಕ್ಲಬ್ಬಿನಲ್ಲಿ ಜಗಳವೇ ಆಯಿತು. ಇರಾನಿನ ಮಗುವಿಗೆ ಹಿಂದುಸ್ತಾನ ಅಂದರೆ ಎಲ್ಲೋ ದೂರದ ಊರು. ನಮಗೆ ಅದು ಇದೇ ಊರು, ಹಾಲು ಬಂದಿರೋದೇ ನಮ್ಮ ಮನೆಗೆ! 'ಬಂತಲ್ಲಾ' ಅಂದರೂ ಮಾತ್ರೆ ಸರಿಯಾಗಿ ಕೂರುತ್ತದೆ. ಆದರೆ ಮಾತಾಡ್ತಿರೋನು ಹಸನನ ಊರಲ್ಲಿ ನಿಂತಿದ್ದಾನೆ. ಅವನನ್ನು ಅಲ್ಲಿಂದ ಎಬ್ಬಿಸಿ ಇಲ್ಲಿಗೆ ತರಲು ನಮಗೆ ಮನಸ್ಸಾಗಲಿಲ್ಲ.

ತುಂಬಾ ಖುಷಿ ಕೊಟ್ಟಿದ್ದು ಟೋಪಿಯ ಸಾಲು. ಮೂಲದಲ್ಲಿ ಹೆಣ್ಣಿನ ಹೆಸರು 'ಅಮ್‌ಕೆಝಿ', ಕೆಂಪಿಗೆ 'ಕೆರ್ಮೆಝಿ'. ಅವಳಿಗೆ ಕೆಂಪಮ್ಮ ಅಂತ ಹೆಸರಿಟ್ಟರೆ ಪ್ರಾಸ ಸುಲಭ, ಆದರೆ ಕುರ್ದಿ ಹೆಣ್ಣು ಮಂಡ್ಯಕ್ಕೆ ಬಂದುಬಿಡ್ತಾಳೆ. ಕೆರ್ಮೆಝಿಯ ನೆಂಟನೊಬ್ಬ ಕನ್ನಡದಲ್ಲೇ ಇದ್ದಾನೆ: ಕಿರಮಂಜಿ. ಕೆಂಪು ಬಣ್ಣ ಕೊಡುವ ಒಂದು ಕೀಟದ ಹೆಸರಿಂದ ಬಂದ ಪದ ಇದು, ಇಂಗ್ಲಿಷಿನ ಕ್ರಿಮ್ಸನ್ ಕೂಡ ಅದೇ ಮನೆತನದ್ದು. ಹಾಗಾಗಿ ಬಣ್ಣವನ್ನು ಬಿಟ್ಟು ಹೆಸರನ್ನೇ ಸ್ವಲ್ಪ ಬಗ್ಗಿಸಿ 'ಅಮ್ಕಂಜಿ' ಮಾಡಿದೆವು. ಟೋಪಿಗೂ ಪರ್ಷಿಯನ್ 'ಕುಲಾಹ್'ನ ಕಡೆಯಿಂದ ಬಂದ 'ಕುಲಾವಿ' ನಮ್ಮಲ್ಲಿದೆ, ನಾಲ್ಕು ಮಾತ್ರೆಯೂ ಇದೆ. ಆದರೂ ಅದನ್ನು ಬಿಟ್ಟೆವು. ಕುಲಾವಿ ಹಾಕೋದು ಹಸುಗೂಸಿಗೆ ಅನ್ನೋದು ಒಂದು ಕಾರಣ. ಇನ್ನೊಂದು, ಅದು ಲಘು, ಗುರು, ಲಘು. ತೊಡೆ ತಟ್ಟುತ್ತಾ ಹೇಳಿ ನೋಡಿ: ಕೈ 'ಕು' ಮೇಲೆ ಬೀಳುತ್ತೆ, ದನಿಯ ಭಾರ 'ಲಾ' ಮೇಲೆ ಬೀಳುತ್ತೆ. ಮಾತ್ರೆಯ ಲೆಕ್ಕ ಸರಿ ಇದ್ದೂ ನಾಲಿಗೆ ಎಡವೋದು ಇಂಥ ಕಡೆಯೇ.

ಕೊನೆಯ ಜೋಡಿಯಲ್ಲಿ ಒಂದು ಜಾಣತನ ಇದೆ. 'ಎತ್ತಿಕೋ' ಅನ್ನೋದಕ್ಕೆ ಅಲ್ಲಿ 'ವರ್ಚಿನ್'. ಅದರ ಮುಂಚಿನ ಸಾಲಿನ ಅರ್ಥವಿಲ್ಲದ ಪದಗಳು ಈ 'ಚಿನ್' ಸದ್ದಿನಿಂದಲೇ ಹುಟ್ಟಿವೆ. ಅಂದರೆ ಆಜ್ಞೆ ಬರುವ ಮೊದಲೇ ಅದರ ದನಿ ಬರುತ್ತದೆ. ನಾವೂ ಹಿಂದಿನಿಂದ ಮುಂದಕ್ಕೆ ಕೆಲಸ ಮಾಡಿದೆವು. ಮೊದಲು 'ಮಡ್ಚೂ' ನಿಲ್ಲಿಸಿ, ಅದರಿಂದ 'ಅಡ್ಚೂ ಪಡ್ಚೂ' ತೆಗೆದೆವು. 'ಮಡಚು' ಅಂತ ಬರೆದರೆ ಮೂರೇ ಮಾತ್ರೆ, ಆಡುಮಾತಿನ 'ಮಡ್ಚೂ' ನಾಲ್ಕು.

ಈಗ ತಟ್ಟು ಎಣಿಸಿ. ಏಳು ಸಾಲಿಗೆ ಇಪ್ಪತ್ತೆಂಟು, ಕೊನೆಯ ಎರಡಕ್ಕೆ ನಾಲ್ಕು, ಒಟ್ಟು 32. ಮೂರು ಮಕ್ಕಳು, ಆರು ಕಾಲು ಅಂತಿಟ್ಟುಕೊಳ್ಳಿ. 32ನ್ನು 6ರಿಂದ ಭಾಗಿಸಿದರೆ ಶೇಷ 2, ಎರಡನೇ ಕಾಲು ಹೊರಗೆ. ಅದರ ಪಕ್ಕದ ಕಾಲಿಂದ ಮತ್ತೆ ಶುರು ಮಾಡಿದರೆ ಕ್ರಮವಾಗಿ 4, 3, 6, 5 ಹೋಗಿ ಒಂದನೇ ಕಾಲು, ಅಂದರೆ ಮೊದಲ ಮಗುವಿನದ್ದು, ಉಳಿಯುತ್ತದೆ. ಅನುವಾದದಲ್ಲಿ 'ಕೆಂಪು' ಅಂತ ಒಂದೇ ಒಂದು ಪದ ಹೆಚ್ಚಿಗೆ ಸೇರಿಸಿ ತಟ್ಟು 33 ಆಯಿತು ಅನ್ನಿ. ಆಗ 3, 6, 1, 5, 2 ಹೋಗುತ್ತವೆ, ಉಳಿಯೋದು ನಾಲ್ಕನೇ ಕಾಲು, ಅದು ಎರಡನೇ ಮಗುವಿನದ್ದು. ನಂಬಿಕೆ ಇಲ್ಲದವರು ಹಾಸ್ಟೆಲ್ ಕಾರಿಡಾರಿನಲ್ಲಿ ಮೂರು ಜನ ಕೂತು ಆಡಿ ನೋಡಬಹುದು.