ಅಡಿಕೆ ತೋಟದಲ್ಲಿ ಹುಟ್ಟಿದ ಹುಲ್ಲುಗಾವಲು

ತಮಾ, ಯಾಣದ ಸುತ್ತಿನ ಭೂಹೊದಿಕೆ ನಕ್ಷೆಯನ್ನೂ ಮಣ್ಣಿನ ನಕ್ಷೆಯನ್ನೂ 30 ಮೀಟರಿನ ಒಂದೇ ಗ್ರಿಡ್ಡಿಗೆ ತರುವ ಕೆಲಸ ಈಗ ನಿನ್ನ ಕೈಗೆ ಬಂದಿದೆ. ಎರಡಕ್ಕೂ ಒಂದೇ ವಿಧಾನ ಆರಿಸಬೇಡ. ನಾನು ಒಮ್ಮೆ ಹಾಗೆ ಮಾಡಿ, ತಪ್ಪು ಗೊತ್ತಾಗುವ ಹೊತ್ತಿಗೆ ವಾರದ ಲೆಕ್ಕವೆಲ್ಲ ಹಾಳಾಗಿತ್ತು.

ನಾನು ಬಳಸಿದ್ದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್, 10 ಮೀಟರಿನ ಭೂಹೊದಿಕೆ ನಕ್ಷೆ. ಅದರಲ್ಲಿ ಮರಕ್ಕೆ 10, ಹುಲ್ಲುಗಾವಲಿಗೆ 30, ಬೆಳೆಗೆ 40, ಕಟ್ಟಡಕ್ಕೆ 50, ಬರಡು ನೆಲಕ್ಕೆ 60, ನೀರಿಗೆ 80. ಅಡಿಕೆ ತೋಟವೂ ಅಲ್ಲಿ ಮರವೇ, ಯಾಕೆಂದರೆ ಬಹುವಾರ್ಷಿಕ ಮರಬೆಳೆಯನ್ನು ಅವರು ಬೆಳೆಯೊಳಗೆ ಸೇರಿಸಿಲ್ಲ. ನಕ್ಷೆ ನುಣುಪಾಗಿ ಕಾಣಲಿ ಎಂದು ನಾನು ಬೈಲೀನಿಯರ್ ಹಾಕಿದೆ. ತೋಟದ ನಡುವಿನ ಪ್ರತಿ ಮನೆಯ ಸುತ್ತಲೂ ಹುಲ್ಲುಗಾವಲು ಎದ್ದಿತು. ತೋಟದ 10, ಮನೆಯ 50, ನಡುವೆ 30. ಅಘನಾಶಿನಿಯ ದಂಡೆಗೆ ಹೋದರೆ ಇನ್ನೂ ಕೆಟ್ಟದ್ದು: ಗಜನಿ ಗದ್ದೆಯ 40ಕ್ಕೂ ಹೊಳೆಯ 80ಕ್ಕೂ ಮಧ್ಯೆ 60, ಅಂದರೆ ಕಗ್ಗ ಬೆಳೆಯುವ ನೆಲದ ಅಂಚಿಗೆ ಬರಡು ಪಟ್ಟಿ.

ಬೈಲೀನಿಯರ್ ಮೂಲದಲ್ಲಿ ಮಾಡುವುದು ಇಷ್ಟೆ: ಹೊಸ ಚೌಕದ ನಡುಬಿಂದುವಿನ ಸುತ್ತಲಿನ ನಾಲ್ಕು ಹಳೆಯ ಚೌಕಗಳನ್ನು ತೆಗೆದುಕೊಂಡು, ಹತ್ತಿರ ಇದ್ದದ್ದಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಆದರೆ ಈ 10, 50 ಎಂಬುವು ಅಳತೆಗಳಲ್ಲ, ಹೆಸರುಗಳು. ಹೆಸರಿಗೆ ಸರಾಸರಿ ಇಲ್ಲ. ನಿಯರೆಸ್ಟ್ ನೇಬರ್ ಹಾಗಲ್ಲ, ನಡುಬಿಂದುವಿಗೆ ಹತ್ತಿರದ ಒಂದೇ ಚೌಕದ ಸಂಖ್ಯೆಯನ್ನು ಇದ್ದ ಹಾಗೇ ಎತ್ತಿಡುತ್ತದೆ. ಇಲ್ಲದ ಹೆಸರನ್ನು ಹುಟ್ಟಿಸುವುದಿಲ್ಲ.

ತಪ್ಪನ್ನು ಹಿಡಿಯುವುದು ಹೇಗೆ? ಕ್ಯೂಜಿಐಎಸ್‌ನಲ್ಲಿ `Raster layer unique values report` ನಡೆಸಿ ನೋಡು. 25, 37ರಂಥ ಸಂಖ್ಯೆ ಕಂಡರೆ ಆಗಲೇ ಗೊತ್ತಾಯಿತು. ಭಯ ಇರುವುದು 30, 60ರಂಥವುಗಳದ್ದು. ಅವು ಸೂಚಿಯಲ್ಲಿ ಇರುವ ಹೆಸರುಗಳೇ ಆದ್ದರಿಂದ ಕಣ್ಣು ತಪ್ಪಿಸುತ್ತವೆ. ಅದಕ್ಕೆ ಪ್ರತಿ ವರ್ಗದ ವಿಸ್ತೀರ್ಣವನ್ನು ಮೊದಲು ಮತ್ತು ನಂತರ ಹೋಲಿಸಲೇಬೇಕು.

ಮಣ್ಣಿನ ನಕ್ಷೆಯಲ್ಲಿ ಎರಡು ಜಾತಿ ಇದೆ, ಇಲ್ಲೇ ಹುಡುಗರು ಎಡವುವುದು. ಮಣ್ಣಿನ ವರ್ಗ, ನಕ್ಷೆಯ ಘಟಕಸಂಖ್ಯೆ, ನೀರು ಇಂಗುವ ಗುಂಪು ಎಬಿಸಿಡಿಯನ್ನು 1ರಿಂದ 4 ಎಂದು ಬರೆದದ್ದು, ಇವೆಲ್ಲ ಹೆಸರುಗಳು, ನಿಯರೆಸ್ಟ್ ಹಾಕು. ಆದರೆ ಸಾಯಿಲ್‌ಗ್ರಿಡ್ಸ್‌ನ 250 ಮೀಟರಿನ ಜೇಡಿ ಪ್ರಮಾಣ ನಿಜವಾದ ಅಳತೆ, ಕಿಲೋಗೆ ಇಷ್ಟು ಗ್ರಾಂ ಎಂದು. ಒಂದು ಚೌಕದಲ್ಲಿ 300, ಪಕ್ಕದ್ದರಲ್ಲಿ 340 ಎಂದಿಟ್ಟುಕೋ. ಮೊದಲ ನಡುಬಿಂದುವಿನಿಂದ ಕಾಲು ದೂರದಲ್ಲಿ 310 ಬರುವುದು ನ್ಯಾಯವೇ. ಅದಕ್ಕೆ ನಿಯರೆಸ್ಟ್ ಹಾಕಿದರೆ ಘಟ್ಟದ ಇಳಿಜಾರಿನಲ್ಲಿ 250 ಮೀಟರಿಗೊಂದು ಮೆಟ್ಟಿಲು ಕಾಣುತ್ತದೆ. `-r` ಬರೆಯಲು ಮರೆತರೂ ಅದೇ ಆಗುತ್ತದೆ, `gdalwarp` ತಾನಾಗಿ ಆರಿಸುವುದು ನಿಯರೆಸ್ಟನ್ನೇ.

```
gdalwarp -t_srs EPSG:32643 -tr 30 30 -tap -r near lc.tif lc30.tif
gdalwarp -t_srs EPSG:32643 -tr 30 30 -tap -r bilinear -srcnodata -32768 clay.tif clay30.tif
```

`-tap` ಇದ್ದರೆ ಎರಡೂ ನಕ್ಷೆಗಳ ಚೌಕಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಸಮುದ್ರದ ಕಡೆ ಮಣ್ಣಿನ ದತ್ತಾಂಶ ಇರುವುದಿಲ್ಲ. ಖಾಲಿ ಚೌಕದ -32768ನ್ನು ಖಾಲಿ ಎಂದು ತಿಳಿಸದಿದ್ದರೆ ಕುಮಟಾ ಕರಾವಳಿಯ ಜೇಡಿ ಪ್ರಮಾಣ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇನ್ನೊಂದು ಮಾತು: 30 ಮೀಟರಿಗೆ ಇಳಿಸಿದ ಜೇಡಿ ನಕ್ಷೆ ಎಷ್ಟೇ ನುಣುಪಾಗಿರಲಿ, ಅದರಲ್ಲಿರುವ ತಿಳಿವು 250 ಮೀಟರಿನದ್ದೇ. ಒಂದು ಸೊಪ್ಪಿನಬೆಟ್ಟಕ್ಕೂ ಅದರ ಕೆಳಗಿನ ತೋಟಕ್ಕೂ ಇರುವ ಮಣ್ಣಿನ ಭೇದವನ್ನು ಅದರಿಂದ ಹೇಳಹೊರಡಬೇಡ.

ನಿಯರೆಸ್ಟಿಗೂ ಮಿತಿ ಇದೆ. 10 ಮೀಟರಿನಿಂದ 30ಕ್ಕೆ ಹೋದಾಗ ಒಂಬತ್ತು ಚೌಕಗಳಲ್ಲಿ ಒಂದು ಉಳಿಯುತ್ತದೆ, ಎಂಟರ ಮಾತು ಕೇಳಿಸುವುದೇ ಇಲ್ಲ. ವಿಸ್ತೀರ್ಣದ ಲೆಕ್ಕ ಮುಖ್ಯವಾದರೆ `-r mode` ಹಾಕು, ಅದು ಒಂಬತ್ತರಲ್ಲಿ ಹೆಚ್ಚಿರುವ ವರ್ಗವನ್ನು ಕೊಡುತ್ತದೆ. ಆದರೆ ಯಾಣದ ಭೈರವೇಶ್ವರ ಶಿಖರವನ್ನು ನೆನೆ: 120 ಮೀಟರ್ ಎತ್ತರದ ಕರಿಬಂಡೆ, ಬುಡದ ಹರಹು ಅಷ್ಟಿಲ್ಲ, ಸುತ್ತ ದಟ್ಟ ಕಾಡು. ಅದರ ಅಂಚಿನ ಒಂದು ಹೊಸ ಚೌಕದಲ್ಲಿ ಐದು ಮರದವು, ನಾಲ್ಕು ಬಂಡೆಯವು ಇದ್ದರೆ ಬಹುಮತದಲ್ಲಿ ಬಂಡೆ ಅಳಿಸಿಹೋಗುತ್ತದೆ. ನಿಯರೆಸ್ಟಿನಲ್ಲಿ ನಡುಚೌಕ ಯಾವುದೋ ಅದೇ ಗೆಲ್ಲುತ್ತದೆ. ಬಂಡೆ ನಿನಗೆ ಬೇಕೇ ಬೇಕು ಎಂದಾದರೆ ಮೊದಲು 60 ಇದ್ದಲ್ಲಿ 1, ಉಳಿದಲ್ಲೆಲ್ಲ 0 ಇರುವ ಬೇರೆ ಪದರ ಮಾಡಿಕೋ. ಅದಕ್ಕೆ `-ot Float32 -r average` ಹಾಕು. ಆ ಚೌಕದಲ್ಲಿ 0.44 ಎಂದು ಬರುತ್ತದೆ, ಒಂಬತ್ತರಲ್ಲಿ ನಾಲ್ಕು ಪಾಲು ಬಂಡೆ.